ಮೀಟರ್ 890 ತೋರಿಸ್ತು, ಆದ್ರೂ ಕೆಪಾಸಿಟರ್ ಸತ್ತಿತ್ತು: ಮೂರು ಜಾತಿ, ಮೂರು ಥರದ ಪರೀಕ್ಷೆ

ಹೋದ ಡಿಸೆಂಬರ್‌ನಲ್ಲಿ ಪಕ್ಕದ ಮನೆ ಆಂಟಿ ರೂಟರ್‌ನ ಅಡಾಪ್ಟರ್ ಹಿಡಿದುಕೊಂಡು ಬಂದರು. "ನೋಡಪ್ಪಾ, ಬೆಳಗ್ಗೆ ಹೊತ್ತು ಇದು ಆನ್ ಆಗಿ ಆಫ್ ಆಗಿ ಆಟ ಆಡತ್ತೆ. ಹನ್ನೊಂದು ಗಂಟೆ ಮೇಲೆ ಸರಿಹೋಗತ್ತೆ. ರೂಟರ್ ಹೋಯ್ತಾ?" ಅಂತ ಕೇಳಿದರು. ಅಂಗಡಿಯವನು ಆಗಲೇ ಹೊಸ ರೂಟರ್ ತಗೊಳ್ಳಿ ಅಂದಿದ್ದನಂತೆ.

ಬೆಳಗ್ಗೆ ಚಳಿಯಲ್ಲಿ ಕೈಕೊಟ್ಟು ಬಿಸಿಲೇರಿದ ಮೇಲೆ ಸರಿಹೋಗೋದು ಅಂದ್ರೆ ನನಗೆ ಮೊದಲು ಅನುಮಾನ ಬರೋದು ಅಡಾಪ್ಟರ್ ಒಳಗಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಮೇಲೆ. ಅದನ್ನ ಹೇಗೆ ಹಿಡಿಯೋದು, ಹೇಗೆ ಬದಲಾಯಿಸೋದು ಅಂತ ಇಲ್ಲಿ ಹೇಳ್ತೀನಿ. ಜೊತೆಗೆ ಅದರ ಜಾಗಕ್ಕೆ ಸೆರಾಮಿಕ್ ಯಾಕೆ ಹಾಕಬಾರದು, ಅದೇ ಆಂಟಿ ಮನೆಯ ಫ್ಯಾನ್‌ನಲ್ಲಿದ್ದ ಫಿಲ್ಮ್ ಕೆಪಾಸಿಟರ್ ಯಾಕೆ ಬೇರೆ ರೀತಿ ಹಾಳಾಗಿತ್ತು ಅನ್ನೋದನ್ನೂ ನೋಡೋಣ. ಮೂರರ ಮೇಲೂ ಮೈಕ್ರೋಫ್ಯಾರಡ್ ಅಂತಾನೇ ಬರೆದಿರತ್ತೆ. ಆದರೆ ಮೂರೂ ಮುದಿಯಾಗೋ ದಾರಿ ಬೇರೆ. ಒಂದೇ ಮೀಟರ್ ಹಿಡಿದು ಮೂರನ್ನೂ ಅಳೆದರೆ ಎರಡು ಸಲ ಮೋಸ ಹೋಗ್ತೀರಿ.

ಬಿಚ್ಚೋಕೆ ಮುಂಚೆ

ಅಡಾಪ್ಟರ್ 12 ವೋಲ್ಟ್, 2 ಆಂಪಿಯರ್‌ದು. ಸುಮ್ನೆ ಪ್ಲಗ್ ಹಾಕಿ ಮಲ್ಟಿಮೀಟರ್ ಇಟ್ಟರೆ 12.1 ವೋಲ್ಟ್ ಬಂತು. ಇಷ್ಟು ನೋಡಿ "ಅಡಾಪ್ಟರ್ ಚೆನ್ನಾಗಿದೆ" ಅಂತ ಬಹಳ ಜನ ಮುಂದೆ ಹೋಗಿಬಿಡ್ತಾರೆ. ಲೋಡ್ ಇಲ್ಲದೆ ಅಳೆದದ್ದು ಲೆಕ್ಕಕ್ಕಿಲ್ಲ.

ಹಾಗಾಗಿ ಮೊದಲು ಲೋಡ್ ಕೊಡಿ. ನನ್ನ ಹತ್ತಿರ 10 ಓಮ್, 25 ವಾಟ್‌ನ ವೈರ್‌ವೂಂಡ್ ರೆಸಿಸ್ಟರ್ ಇದೆ, ಅದಕ್ಕೆ 12 ವೋಲ್ಟ್ ಕೊಟ್ಟರೆ 1.2 ಆಂಪಿಯರ್ ಎಳೆಯತ್ತೆ. ಒಂದು ನಿಮಿಷಕ್ಕೇ ಕೈ ಸುಡುವಷ್ಟು ಬಿಸಿಯಾಗತ್ತೆ, ಟೈಲ್ಸ್ ಚೂರಿನ ಮೇಲೆ ಇಟ್ಟುಕೊಳ್ಳಿ. ಕಾರಿನ ಬಲ್ಬೂ ಆಗತ್ತೆ, ಆದರೆ ತಣ್ಣಗಿರುವಾಗ ಅದರ ತಂತಿಯ ರೆಸಿಸ್ಟನ್ಸ್ ತುಂಬಾ ಕಡಿಮೆ, ಶುರುವಿನ ಎಳೆತಕ್ಕೆ ಒಳ್ಳೇ ಅಡಾಪ್ಟರ್ ಕೂಡ ಹೆದರಿ ಆಫ್ ಆಗಬಹುದು. ಆಮೇಲೆ ಒಳ್ಳೇದನ್ನೇ ಕೆಟ್ಟದ್ದು ಅಂತ ಬಿಚ್ಚಿರ್ತೀರಿ.

ಲೋಡ್ ಹಾಕಿದಾಗ ಆಂಟಿಯ ಅಡಾಪ್ಟರ್‌ನಲ್ಲಿ ವೋಲ್ಟೇಜ್ 9 ಮತ್ತು 11ರ ನಡುವೆ ಕುಣಿಯೋಕೆ ಶುರುಮಾಡಿತು. ತೆಗೆದು ಬಿಸಿಲಲ್ಲಿ ಕಾಲು ಗಂಟೆ ಇಟ್ಟು, ಮತ್ತೆ ಹಾಕಿದೆ. ಈ ಸಲ 11.9ಕ್ಕೆ ನಿಂತಿತು. ಬಿಸಿಯಾದರೆ ಸರಿಹೋಗೋ ಭಾಗ ಯಾವುದು? ಒಳಗೆ ದ್ರವ ಇರೋದು. ಆ ಡಬ್ಬಿಯೊಳಗೆ ದ್ರವ ಇರೋದು ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ನಲ್ಲಿ ಮಾತ್ರ.

ಬಿಚ್ಚುವಾಗ

ಪ್ಲಗ್ ಕಿತ್ತ ಮೇಲೂ ಒಳಗೆ ಕರೆಂಟ್ ಉಳಿದಿರತ್ತೆ, ಇದನ್ನ ಹಗುರವಾಗಿ ತಗೋಬೇಡಿ. 230 ವೋಲ್ಟ್ ಎಸಿ ಡಯೋಡ್ ದಾಟಿ ಬಂದಾಗ ಸುಮಾರು 325 ವೋಲ್ಟ್ ಡಿಸಿ ಆಗತ್ತೆ, ಅದು 400 ವೋಲ್ಟ್ ಅಂತ ಬರೆದಿರೋ ದಪ್ಪ ಕೆಪಾಸಿಟರ್‌ನಲ್ಲಿ ಕೂತಿರತ್ತೆ. ಸ್ಕ್ರೂಡ್ರೈವರ್‌ನಿಂದ ಎರಡು ಕಾಲು ಸೇರಿಸಿ ಚಟ್ ಅನ್ನಿಸೋ ಅಭ್ಯಾಸ ಇದ್ದರೆ ಬಿಟ್ಟುಬಿಡಿ, ಬೋರ್ಡಿನ ತಾಮ್ರದ ಗೆರೆಯೇ ಎದ್ದು ಹೋಗತ್ತೆ. 10 ಕಿಲೋಓಮ್, 5 ವಾಟ್ ರೆಸಿಸ್ಟರ್‌ಗೆ ಎರಡು ಕಡೆ ಇನ್ಸುಲೇಶನ್ ಇರೋ ವೈರ್ ಕಟ್ಟಿ, ಐದು ಸೆಕೆಂಡ್ ತಾಗಿಸಿ ಹಿಡಿದುಕೊಳ್ಳಿ. ಆಮೇಲೆ ಮೀಟರ್ ಇಟ್ಟು ವೋಲ್ಟೇಜ್ ಸೊನ್ನೆ ಹತ್ತಿರ ಬಂದಿದೆ ಅಂತ ನೋಡಿಯೇ ಕೈ ಹಾಕಿ. ಒಳಗಡೆ ತೆರೆದಿಟ್ಟು ಪ್ಲಗ್ ಹಾಕೋ ಕೆಲಸ ಈ ಇಡೀ ರಿಪೇರಿಯಲ್ಲಿ ಎಲ್ಲೂ ಬೇಕಾಗಿಲ್ಲ.

ಔಟ್‌ಪುಟ್ ಕಡೆ 1000 ಮೈಕ್ರೋಫ್ಯಾರಡ್, 25 ವೋಲ್ಟ್‌ನ ಒಂದು ಕೆಪಾಸಿಟರ್ ಇತ್ತು. ತಲೆ ಉಬ್ಬಿರಲಿಲ್ಲ. ತಳದಲ್ಲಿ ಸೋರಿದ ಕಲೆ ಕೂಡ ಇಲ್ಲ, ನೋಡೋಕೆ ಹೊಸದರ ಹಾಗೇ ಇತ್ತು. ಬಿಚ್ಚಿ ಮಲ್ಟಿಮೀಟರ್‌ನ ಕೆಪಾಸಿಟನ್ಸ್ ರೇಂಜ್‌ನಲ್ಲಿ ಇಟ್ಟೆ: 890. ಈ ಥರದ ಕೆಪಾಸಿಟರ್‌ಗೆ 20 ಪರ್ಸೆಂಟ್ ಹೆಚ್ಚು ಕಡಿಮೆ ಇರಬಹುದು ಅಂತ ತಯಾರಕರೇ ಹೇಳೋದರಿಂದ 890 ಅಂದರೆ ಪಾಸ್.

ಅದನ್ನೇ ಇಎಸ್‌ಆರ್ ಮೀಟರ್‌ಗೆ ಇಟ್ಟೆ. 0.5 ಓಮ್. ಹೊಸ ಲೋ ಇಎಸ್‌ಆರ್ ಕೆಪಾಸಿಟರ್ ಆದರೆ ಈ ಅಳತೆಯಲ್ಲಿ 0.02ರಿಂದ 0.05 ಓಮ್ ಇರಬೇಕು.

ಅರ್ಧ ಓಮ್‌ಗೆ ಇಷ್ಟು ಗಲಾಟೆನಾ?

ಇಎಸ್‌ಆರ್ ಅಂದರೆ ಕೆಪಾಸಿಟರ್ ಒಳಗೇ ಸಾಲಾಗಿ ಒಂದು ಚಿಕ್ಕ ರೆಸಿಸ್ಟರ್ ಸೇರಿಕೊಂಡಿದೆ ಅನ್ನೋ ಹಾಗೆ. ಬೇರೆಯಾಗಿ ಕಣ್ಣಿಗೆ ಕಾಣಲ್ಲ, ಆದರೆ ಒಳಗೆ ಹೊರಗೆ ಓಡಾಡೋ ಕರೆಂಟೆಲ್ಲ ಅದನ್ನ ದಾಟಿಯೇ ಹೋಗಬೇಕು.

ಈ ಅಡಾಪ್ಟರ್ ಸೆಕೆಂಡಿಗೆ ಸುಮಾರು 65 ಸಾವಿರ ಸಲ ಕರೆಂಟನ್ನ ಬೊಗಸೆ ಬೊಗಸೆಯಾಗಿ ಕೆಪಾಸಿಟರ್‌ಗೆ ಸುರೀತದೆ. ಎರಡು ಬೊಗಸೆಗಳ ನಡುವೆ ರೂಟರ್‌ನ್ನ ಸಾಕೋದು ಕೆಪಾಸಿಟರ್. ಪೂರ್ತಿ 2 ಆಂಪಿಯರ್ ಲೋಡ್ ಇದ್ದಾಗ ಪ್ರತಿ ಬೊಗಸೆಯ ತುದಿ 6 ಆಂಪಿಯರ್ ಅಂದುಕೊಳ್ಳಿ, ಈ ಅಳತೆಯ ಅಡಾಪ್ಟರ್‌ಗೆ ಇದು ಅತಿ ಏನಲ್ಲ. ಈಗ ಲೆಕ್ಕ ನೋಡಿ:

```
ಹೊಸದು:  6 A × 0.03 Ω = 0.18 V
ಹಳೇದು:  6 A × 0.5 Ω  = 3 V
10 µs ಬಿಡುವು, 1000 µF:  2 A × 10 µs / 1000 µF = 0.02 V
10 µs ಬಿಡುವು,  890 µF:  2 A × 10 µs / 890 µF  ≈ 0.022 V
```

ಕೊನೆಯ ಎರಡು ಸಾಲು ಗಮನಿಸಿ. ಕೆಪಾಸಿಟನ್ಸ್ 1000ದಿಂದ 890ಕ್ಕೆ ಇಳಿದದ್ದರಿಂದ ಆದ ನಷ್ಟ ಎರಡು ಮಿಲಿವೋಲ್ಟ್ ಅಷ್ಟೇ. ಇಎಸ್‌ಆರ್ ಏರಿದ್ದರಿಂದ ಆದ ನಷ್ಟ ಮೂರು ವೋಲ್ಟ್ ಹತ್ತಿರ. ಅಂದ್ರೆ ಈ ಜಾಗದಲ್ಲಿ ಮೈಕ್ರೋಫ್ಯಾರಡ್ ಅಳೆಯೋದೇ ತಪ್ಪು ಪ್ರಶ್ನೆ. ಹಾಗೇ, ಮಲ್ಟಿಮೀಟರನ್ನ ಎಸಿ ರೇಂಜ್‌ಗೆ ತಿರುಗಿಸಿ ಈ ಏರಿಳಿತ ಅಳೀತೀನಿ ಅಂತ ಹೋಗಬೇಡಿ, ಸಾಮಾನ್ಯ ಮೀಟರ್‌ಗಳಿಗೆ ಇಷ್ಟು ವೇಗದ ಏರಿಳಿತ ಕಾಣಲ್ಲ.

ಇಎಸ್‌ಆರ್ ಯಾಕೆ ಏರತ್ತೆ? ಎಲೆಕ್ಟ್ರೋಲಿಟಿಕ್ ಒಳಗೆ ಆಸಿಡ್‌ನಿಂದ ಒರಟು ಮಾಡಿದ ಅಲ್ಯೂಮಿನಿಯಂ ಹಾಳೆ ಇರತ್ತೆ, ಅದರ ಮೇಲೆ ತೀರಾ ತೆಳು ಆಕ್ಸೈಡ್ ಪದರ. ಅದೇ ಇನ್ಸುಲೇಟರ್. ಹಾಳೆಯ ಸಂದಿಗೊಂದಿಯ ಒಳಗೆಲ್ಲ ಇನ್ನೊಂದು ಹಾಳೆ ಒತ್ತಿಟ್ಟರೆ ತಾಗಲ್ಲ, ಹಾಗಾಗಿ ದ್ರವದಲ್ಲಿ ನೆನೆಸಿದ ಕಾಗದ ಮಧ್ಯೆ ಇಟ್ಟು ಸುತ್ತಿರ್ತಾರೆ. ಆ ದ್ರವವೇ ಇದರ ಇನ್ನೊಂದು ಪ್ಲೇಟ್. ತಾಮ್ರದ ತಂತಿಗೆ ಹೋಲಿಸಿದರೆ ದ್ರವದಲ್ಲಿ ಕರೆಂಟ್ ಹರಿಯೋದು ಕಷ್ಟ, ಚಳಿಯಲ್ಲಿ ಇನ್ನೂ ಕಷ್ಟ. ಆಂಟಿಯ ಬೆಳಗಿನ ತೊಂದರೆ ಅದೇ. ತಳದ ರಬ್ಬರ್ ಬಿರಡೆಯ ಮೂಲಕ ಆ ದ್ರವ ವರ್ಷಗಟ್ಟಲೆ ಸ್ವಲ್ಪ ಸ್ವಲ್ಪ ಆವಿಯಾಗಿ ಹೋಗ್ತಾ ಇರತ್ತೆ. ಕಾಗದ ಒಣಗಿದ ಹಾಗೆ ಇಎಸ್‌ಆರ್ ಏರತ್ತೆ, ಏರಿದ ಹಾಗೆ ಕೆಪಾಸಿಟರ್ ತಾನೇ ಬಿಸಿಯಾಗತ್ತೆ, ಬಿಸಿಯಾದರೆ ಇನ್ನೂ ಬೇಗ ಒಣಗತ್ತೆ. ಕೊನೇ ಕೆಲವು ವಾರ ಸರಸರನೆ ಕೆಡೋದು ಇದಕ್ಕೇ.

ಎಷ್ಟು ದಿನ ಬಾಳತ್ತೆ ಅಂತ ಅಂದಾಜು ಮಾಡಬಹುದು. ಮೈಮೇಲೆ 105 ಡಿಗ್ರಿ ಅಂತ ಇರತ್ತೆ, ಡೇಟಾಶೀಟ್‌ನಲ್ಲಿ 2000 ಗಂಟೆ ಅಂತ ಇರತ್ತೆ. 10 ಡಿಗ್ರಿ ತಣ್ಣಗಾದಷ್ಟೂ ಆಯಸ್ಸು ಎರಡರಷ್ಟು ಅನ್ನೋದು ಎಲ್ಲರೂ ಬಳಸೋ ಲೆಕ್ಕ. ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಬಿಸಿ ಡಯೋಡ್ ಪಕ್ಕದಲ್ಲಿ 75 ಡಿಗ್ರಿ ಇದ್ದರೆ ಮೂರು ಸಲ ಎರಡರಷ್ಟು, ಅಂದರೆ 16,000 ಗಂಟೆ. ರೂಟರ್ ಹಗಲೂ ರಾತ್ರಿ ಆನ್ ಇರೋದರಿಂದ ಅದು 22 ತಿಂಗಳಷ್ಟೇ. ಆಂಟಿ ರೂಟರ್ ಹಾಕಿಸಿ ಎರಡು ವರ್ಷ ಆಗಿತ್ತು.

ಇಎಸ್‌ಆರ್ ಮೀಟರ್ ಇಲ್ಲದಿದ್ರೆ

ಎಸ್‌ಪಿ ರೋಡ್‌ನಲ್ಲಿ ಅಥವಾ ಆನ್‌ಲೈನ್‌ನಲ್ಲಿ ಸಿಗೋ ಅಗ್ಗದ ಕಾಂಪೊನೆಂಟ್ ಟೆಸ್ಟರ್‌ಗಳು ಇಎಸ್‌ಆರ್ ಕೂಡ ತೋರಿಸ್ತವೆ, ಒಳ್ಳೇದು ಕೆಟ್ಟದ್ದು ಬೇರೆ ಮಾಡೋಕೆ ಅಷ್ಟು ಸಾಕು. ಇಡೋಕೆ ಮುಂಚೆ ಕೆಪಾಸಿಟರ್ ಖಾಲಿ ಮಾಡಿ, ಇಲ್ಲದಿದ್ರೆ ಟೆಸ್ಟರ್ ಸಾಯತ್ತೆ. ಅದೂ ಇಲ್ಲ ಅಂದರೆ, ಅನುಮಾನ ಇರೋ ಕೆಪಾಸಿಟರ್‌ನ ಕಾಲುಗಳಿಗೇ, ಬೋರ್ಡಿನ ಹಿಂಭಾಗದಿಂದ, ಹೊಸದೊಂದನ್ನ ಜೋಡಿಯಾಗಿ ಸೋಲ್ಡರ್ ಮಾಡಿ. ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್, ತಪ್ಪಿದರೆ ಪಟಾಕಿ. ಡಬ್ಬಿ ಮುಚ್ಚಿ, ಟೇಪ್ ಸುತ್ತಿ, ಮತ್ತೆ ಲೋಡ್ ಕೊಡಿ. ಸರಿಹೋದರೆ ಕಳ್ಳ ಸಿಕ್ಕಿದ. ಈ ಉಪಾಯ ನಡೆಯೋದು ಹಳೇದು ಒಣಗಿದ್ದಾಗ ಮಾತ್ರ, ಶಾರ್ಟ್ ಆಗಿದ್ದರೆ ನಡೆಯಲ್ಲ. ಖಾತ್ರಿ ಆದ ಮೇಲೆ ಹಳೇದನ್ನ ಕಿತ್ತು ಹೊಸದನ್ನ ಅದರ ಜಾಗದಲ್ಲೇ ಕೂರಿಸಿ.

ತರುವಾಗ "1000, 25 ವೋಲ್ಟ್" ಅಂತ ಮಾತ್ರ ಕೇಳಿದರೆ ಅಂಗಡಿಯವರು ಆಡಿಯೋ ಬೋರ್ಡಿಗೆ ಹಾಕೋ 85 ಡಿಗ್ರಿಯದನ್ನ ಕೊಟ್ಟುಬಿಡ್ತಾರೆ. 105 ಡಿಗ್ರಿ, ಲೋ ಇಎಸ್‌ಆರ್ ಅಂತ ಬಾಯಿಬಿಟ್ಟು ಕೇಳಿ. ಗಂಟೆ ಎಷ್ಟು ಅಂತ ಗೊತ್ತಾದರೆ 5000ದ್ದನ್ನ ಆರಿಸಿ. ಉದ್ದ, ದಪ್ಪ ಅಳೆದುಕೊಂಡು ಹೋಗಿ, ಡಬ್ಬಿ ಮುಚ್ಚಬೇಕಲ್ವಾ.

ಇನ್ನೊಂದು ಮಾತು. ಅಡಾಪ್ಟರ್ ಆನ್ ಆಗದೆ ಟಿಕ್ ಟಿಕ್ ಅಂತಿದ್ದರೆ, ಮೇನ್ಸ್ ಕಡೆ ಐಸಿ ಪಕ್ಕದಲ್ಲಿ ಬೆರಳ ತುದಿಯಷ್ಟಿರೋ 22 ಅಥವಾ 47 ಮೈಕ್ರೋಫ್ಯಾರಡ್, 50 ವೋಲ್ಟ್‌ನ ಮರಿ ಕೆಪಾಸಿಟರ್ ನೋಡಿ. ಅದರಲ್ಲಿ ದ್ರವ ಇರೋದೇ ಒಂದು ಹನಿ. ದೊಡ್ಡದಕ್ಕಿಂತ ಮೊದಲೇ ಅದು ಒಣಗಿರತ್ತೆ.

ಹಾಗಾದ್ರೆ ಒಣಗದೇ ಇರೋ ಸೆರಾಮಿಕ್ ಹಾಕಿಬಿಟ್ರೆ?

ಈ ಯೋಚನೆ ನನಗೂ ಬಂದಿತ್ತು. ಸೆರಾಮಿಕ್‌ನಲ್ಲಿ ದ್ರವ ಇಲ್ಲ, ಇಎಸ್‌ಆರ್ ಕೆಲವೇ ಮಿಲಿಓಮ್. 10 ಮೈಕ್ರೋಫ್ಯಾರಡ್, 16 ವೋಲ್ಟ್‌ನ ಅಕ್ಕಿಕಾಳಿನಷ್ಟು ದೊಡ್ಡ ಚಿಪ್ ಕೆಪಾಸಿಟರ್ ಸಿಗತ್ತೆ. ಮೀಟರ್‌ನಲ್ಲಿಟ್ಟರೆ 10 ಹತ್ತಿರವೇ ತೋರಿಸತ್ತೆ. ಆದರೆ ಅದಕ್ಕೆ 12 ವೋಲ್ಟ್ ಕೊಟ್ಟ ಮೇಲೆ ಒಳಗೆ ಉಳಿಯೋದು ಎಷ್ಟೋ ಸಲ ಅರ್ಧಕ್ಕಿಂತ ಕಡಿಮೆ. ಮೀಟರ್ ಅಳೆಯೋದು ಒಂದು ವೋಲ್ಟ್ ಆಸುಪಾಸಿನಲ್ಲಿ, ಅದಕ್ಕೇ ಅದಕ್ಕೆ ಗೊತ್ತಾಗಲ್ಲ.

ನಂಬಿಕೆ ಬರದಿದ್ರೆ ಮಾಡಿ ನೋಡಿ. ಕೆಪಾಸಿಟರ್‌ಗೆ ಚಿಕ್ಕ ವೈರ್ ಬೆಸೆದು, ಜೊತೆಗೆ 1 ಮೆಗಾಓಮ್ ರೆಸಿಸ್ಟರ್ ಜೋಡಿಯಾಗಿ ಕಟ್ಟಿ, ಮಲ್ಟಿಮೀಟರ್ ಡಿಸಿ ವೋಲ್ಟ್‌ನಲ್ಲಿ ಇಡಿ. 12 ವೋಲ್ಟ್ ಒಂದು ಕ್ಷಣ ತಾಗಿಸಿ ಬಿಡಿ. ಮೊಬೈಲ್‌ನ ಸ್ಟಾಪ್‌ವಾಚ್ ಹಿಡಿದು 12ರಿಂದ 6ಕ್ಕೆ ಇಳಿಯೋಕೆ ಎಷ್ಟು ಸೆಕೆಂಡ್ ಅಂತ ನೋಡಿ. ಆಮೇಲೆ ಅದೇ ಇಳಿತದಲ್ಲಿ 1.2ರಿಂದ 0.6ಕ್ಕೆ ಎಷ್ಟು ಅಂತ ನೋಡಿ. ಪ್ರಾಮಾಣಿಕ 10 ಮೈಕ್ರೋಫ್ಯಾರಡ್ ಆದರೆ ಎರಡೂ ಸಲ ಆರು ಸೆಕೆಂಡ್ ಚಿಲ್ಲರೆ. ಸೆರಾಮಿಕ್‌ದು ಮೊದಲನೇ ಸಲ ಜರ್ರನೆ ಇಳಿದುಬಿಡತ್ತೆ, ಎರಡನೇ ಸಲ ನಿಧಾನವಾಗತ್ತೆ. ವೋಲ್ಟೇಜ್ ಹೋದ ಹಾಗೆ ಕೆಪಾಸಿಟನ್ಸ್ ವಾಪಸ್ ಬಂತು. ಕೆಟ್ಟಿಲ್ಲ, ಅದರ ಗುಣವೇ ಅದು.

ಕಾರಣ ಒಳಗಿನ ಬೇರಿಯಂ ಟೈಟನೇಟ್. ಇದರ ಹರಳಿನ ಪುಟ್ಟ ಪುಟ್ಟ ವಲಯಗಳು ವೋಲ್ಟೇಜ್ ಕಡೆ ಮುಖ ತಿರುಗಿಸ್ತವೆ, ಆ ತಿರುಗುವಿಕೆಯಿಂದಲೇ ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟು ಕೆಪಾಸಿಟನ್ಸ್ ಸಿಗೋದು. ಡಿಸಿ ವೋಲ್ಟೇಜ್ ಗಟ್ಟಿಯಾಗಿ ಎಳೆದು ಹಿಡಿದರೆ ಅವು ಆಗಲೇ ತಿರುಗಿ ನಿಂತಿರ್ತವೆ, ಮುಂದಿನ ಸಣ್ಣ ಏರಿಳಿತಕ್ಕೆ ಅಲುಗೋಕೆ ಆಗಲ್ಲ.

ಇದರ ಮುಪ್ಪು ಕೂಡ ಅಲ್ಲಿಂದಲೇ. ಸುಮಾರು 125 ಡಿಗ್ರಿ ದಾಟಿ ಬಿಸಿಯಾಗಿ ತಣ್ಣಗಾದ ಕ್ಷಣದಿಂದ ಆ ವಲಯಗಳು ನಿಧಾನಕ್ಕೆ ತಮ್ಮ ತಮ್ಮ ಜಾಗದಲ್ಲಿ ಜಡವಾಗಿ ಕೂರ್ತಾ ಹೋಗ್ತವೆ. ಎಕ್ಸ್7ಆರ್ ಅನ್ನೋ ಜಾತಿಯಲ್ಲಿ ಗಂಟೆಯ ಲೆಕ್ಕ ಹತ್ತರಷ್ಟಾದಾಗಲೆಲ್ಲ ಸುಮಾರು 2.5 ಪರ್ಸೆಂಟ್ ಕಡಿಮೆ. ಅಂದರೆ ಒಂದು ಗಂಟೆಯಿಂದ 10,000 ಗಂಟೆಗೆ, ಅಂದಾಜು 14 ತಿಂಗಳಿಗೆ, 10 ಪರ್ಸೆಂಟ್. ಇನ್ನೊಂದು 2.5 ಹೋಗೋಕೆ ಹನ್ನೊಂದು ವರ್ಷ ಮುಗೀಬೇಕು. ಮಜಾ ಏನಂದ್ರೆ ಇದನ್ನ ಹಿಂದಕ್ಕೆ ತಿರುಗಿಸಬಹುದು. 150 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟರೆ ವಯಸ್ಸು ಮತ್ತೆ ಸೊನ್ನೆ. ಸೋಲ್ಡರ್ ಮಾಡಿದಾಗಲೂ ಒಂದಿಷ್ಟು ಹಾಗೇ ಆಗತ್ತೆ, ಅದಕ್ಕೇ ಬೆಸೆದ ತಕ್ಷಣ ಅಳೆದದ್ದನ್ನ ನಂಬಬೇಡಿ, ಒಂದು ದಿನ ಬಿಟ್ಟು ಅಳೆಯಿರಿ. ಸಿ0ಜಿ ಅನ್ನೋ ಜಾತಿಗೆ ಈ ರೋಗ ಇಲ್ಲ, ಅದರಲ್ಲಿ ಬೇರೆ ವಸ್ತು ಇರತ್ತೆ. ಆದರೆ ಅದು ಸಿಗೋದು ತೀರಾ ಕಡಿಮೆ ಕೆಪಾಸಿಟನ್ಸ್‌ನಲ್ಲಿ, ಅಡಾಪ್ಟರ್‌ಗೆ ಸಾಲಲ್ಲ.

ಸರಿ, 12 ವೋಲ್ಟ್‌ನಲ್ಲಿ 5 ಮೈಕ್ರೋಫ್ಯಾರಡ್ ಉಳೀತು ಅಂದುಕೊಂಡರೂ 65 ಕಿಲೋಹರ್ಟ್ಸ್‌ನಲ್ಲಿ ಅದು ಒಡ್ಡೋ ತಡೆ ಸುಮಾರು ಅರ್ಧ ಓಮ್. ಆಂಟಿಯ ಒಣಗಿದ ಕೆಪಾಸಿಟರ್ ಇದ್ದದ್ದೂ ಅಷ್ಟೇ ಅಲ್ವಾ! ಇಎಸ್‌ಆರ್ ಎಷ್ಟೇ ಕಡಿಮೆ ಇದ್ದರೂ ಒಂದು ಚಿಪ್ಪಿನಿಂದ ಏನೂ ಸಿಗಲ್ಲ.

ಇಎಸ್‌ಆರ್ ಕಡಿಮೆ ಇರೋದೇ ತೊಂದರೆ ಆಗೋ ಜಾಗ ಕೂಡ ಇದೆ. ಎಲ್‌ಎಂ1117 ಅನ್ನೋ ಹಳೇ ರೆಗ್ಯುಲೇಟರ್‌ನ ಡೇಟಾಶೀಟ್ ಔಟ್‌ಪುಟ್ ಕೆಪಾಸಿಟರ್‌ನ ಇಎಸ್‌ಆರ್ ಕನಿಷ್ಠ 0.3 ಓಮ್ ಇರಲಿ ಅನ್ನತ್ತೆ. ನಾನು "ಒಳ್ಳೇದು ಹಾಕ್ತೀನಿ" ಅಂತ ಒಂದು ಸೆನ್ಸರ್ ಬೋರ್ಡಿನಲ್ಲಿ ಅದರ ಜೊತೆಗಿದ್ದ ಟ್ಯಾಂಟಲಮ್ ಕೆಪಾಸಿಟರ್ ಕಿತ್ತು ಸೆರಾಮಿಕ್ ಕೂರಿಸಿ ಒಂದು ಇಡೀ ಭಾನುವಾರ ಹಾಳುಮಾಡಿಕೊಂಡಿದ್ದೀನಿ. ವೋಲ್ಟೇಜ್ 3.3 ಸರಿಯಾಗೇ ತೋರಿಸ್ತಿತ್ತು, ಸೆನ್ಸರ್ ಮಾತ್ರ ಹುಚ್ಚುಹುಚ್ಚಾಗಿ ಓದ್ತಿತ್ತು. ಗೆಳೆಯನ ಆಸಿಲೋಸ್ಕೋಪ್‌ನಲ್ಲಿ ನೋಡಿದರೆ ರೆಗ್ಯುಲೇಟರ್ ಸುಮ್ಮನೆ ತೂಗಾಡ್ತಾ ಇತ್ತು. ಸೆರಾಮಿಕ್ ಜೊತೆ ಸಾಲಾಗಿ ಅರ್ಧ ಓಮ್ ರೆಸಿಸ್ಟರ್ ಹಾಕಿದೆ, ತಣ್ಣಗಾಯ್ತು.

ಅದೇ ಮನೆಯ ಫ್ಯಾನು

ಅಡಾಪ್ಟರ್ ಕೊಡೋಕೆ ಹೋದಾಗ ಆಂಟಿ ಮೇಲೆ ಕೈ ತೋರಿಸಿದರು. "ಇದೂ ಒಂಚೂರು ನೋಡು. ಐದರಲ್ಲಿಟ್ರೂ ಗಾಳಿನೇ ಬರಲ್ಲ. ಕೋಲಲ್ಲಿ ತಳ್ಳಿದ್ರೆ ತಿರುಗತ್ತೆ."

ಫ್ಯಾನ್ ಕಂಡೆನ್ಸರ್ ಅಂತ ಎಲೆಕ್ಟ್ರಿಷಿಯನ್‌ಗಳು ಕರೆಯೋದು ಫಿಲ್ಮ್ ಕೆಪಾಸಿಟರನ್ನ. ತೆಳು ಪಾಲಿಪ್ರೊಪಿಲೀನ್ ಹಾಳೆ, ಅದರ ಮೇಲೆ ಹಬೆಯಂತೆ ಲೋಹದ ಲೇಪ, ಸುರುಳಿ ಸುತ್ತಿ ಡಬ್ಬಿಗೆ ಹಾಕಿರ್ತಾರೆ. ದ್ರವ ಇಲ್ಲ, ಆದ್ದರಿಂದ ಒಣಗೋ ಮಾತಿಲ್ಲ. ವೋಲ್ಟೇಜ್ ಕೊಟ್ಟರೂ ಕೆಪಾಸಿಟನ್ಸ್ ಬದಲಾಗಲ್ಲ. ಇಎಸ್‌ಆರ್ ತುಂಬಾ ಕಡಿಮೆ. ಇಷ್ಟು ಒಳ್ಳೇದಾದ್ರೆ ಎಲ್ಲ ಕಡೆ ಇದನ್ನೇ ಯಾಕೆ ಹಾಕಲ್ಲ ಅಂದರೆ ಗಾತ್ರ. ಅಡಾಪ್ಟರ್‌ಗೆ ಬೇಕಾದ 1000 ಮೈಕ್ರೋಫ್ಯಾರಡ್ ಫಿಲ್ಮ್‌ನಲ್ಲಿ ಮಾಡಿದರೆ ಅಡಾಪ್ಟರ್‌ಗಿಂತ ಅದೇ ದೊಡ್ಡದಾಗತ್ತೆ.

ಇದು ಹಾಳಾಗೋದು ತನ್ನನ್ನ ತಾನೇ ವಾಸಿ ಮಾಡಿಕೊಂಡು. ಕರೆಂಟ್ ಹೋಗಿ ಬಂದಾಗಿನ ಏಟಿಗೆ ಹಾಳೆಯಲ್ಲಿ ಎಲ್ಲೋ ಸೂಜಿಮೊನೆಯಷ್ಟು ತೂತಾದರೆ, ಅಲ್ಲಿ ಹರಿಯೋ ಕರೆಂಟ್ ಸುತ್ತಲಿನ ಲೋಹದ ಲೇಪವನ್ನೇ ಆವಿ ಮಾಡಿಬಿಡತ್ತೆ. ಶಾರ್ಟ್ ನಿಂತಿತು, ಆದರೆ ಅಷ್ಟು ಲೋಹ ಹೋಯಿತು. ತೇವ ಒಳಗೆ ಹೋದರೆ ಅಂಚಿನಿಂದ ಲೇಪ ಸವೆಯೋದು ಬೇರೆ. ಹೀಗೆ ಸದ್ದಿಲ್ಲದೆ ಮೈಕ್ರೋಫ್ಯಾರಡ್ ಕರಗತ್ತೆ. ಅಂದ್ರೆ ಇಲ್ಲಿ ಇಎಸ್‌ಆರ್ ಮೀಟರ್ ಹಿಡಿದರೆ ಪ್ರಯೋಜನ ಕಡಿಮೆ, ಸಾಮಾನ್ಯ ಮಲ್ಟಿಮೀಟರೇ ಸಾಕು.

ಮೇನ್ ಸ್ವಿಚ್ ಆಫ್ ಮಾಡಿ, ಫ್ಯಾನ್‌ನ ಮುಚ್ಚಳ ಇಳಿಸಿ, ಅದೇ 10 ಕಿಲೋಓಮ್ ರೆಸಿಸ್ಟರ್‌ನಿಂದ ಖಾಲಿ ಮಾಡಿ, ಒಂದು ವೈರ್ ಬಿಚ್ಚಿ ಅಳೆಯಿರಿ. ಮೇಲೆ 2.5 ಮೈಕ್ರೋಫ್ಯಾರಡ್, 440 ವೋಲ್ಟ್ ಎಸಿ ಅಂತ ಬರೆದಿತ್ತು. ಬಂದದ್ದು 1.6. ಹತ್ತು ಪರ್ಸೆಂಟ್‌ಗಿಂತ ಜಾಸ್ತಿ ಕಡಿಮೆ ಆಗಿದ್ದರೆ ನಾನು ಬದಲಾಯಿಸಿಬಿಡ್ತೀನಿ. ಸಣ್ಣ ಎಲ್‌ಇಡಿ ರಾತ್ರಿದೀಪ ವರ್ಷದಿಂದ ವರ್ಷಕ್ಕೆ ಮಂಕಾಗೋದರ ಹಿಂದೆಯೂ ಎಷ್ಟೋ ಸಲ ಇದೇ ಕಥೆ. ಅಲ್ಲಿನ 0.33 ಮೈಕ್ರೋಫ್ಯಾರಡ್ ಫಿಲ್ಮ್ ಕೆಪಾಸಿಟರ್ 0.15ಕ್ಕೆ ಇಳಿದರೆ ದೀಪಕ್ಕೆ ಹೋಗೋ ಕರೆಂಟ್ 24 ಮಿಲಿಆಂಪಿಯರ್ ಇದ್ದದ್ದು 11ರ ಆಸುಪಾಸಿಗೆ ಬರತ್ತೆ.

ಅಂಗಡಿಯಲ್ಲಿ "ಸ್ಪೀಡ್ ಬೇಕಾ, 4 ಹಾಕಿ" ಅಂದರು. ಬೇಡ ಅಂದೆ. ಜಾಸ್ತಿ ಹಾಕಿದರೆ ಫ್ಯಾನ್‌ನ ಎರಡನೇ ವೈಂಡಿಂಗ್‌ಗೆ ಅದು ತಡೆಯೋದಕ್ಕಿಂತ ಹೆಚ್ಚು ಕರೆಂಟ್ ಹೋಗಿ ಒಳಗೆ ಬಿಸಿಯಾಗತ್ತೆ, ಒಂದೆರಡು ಬೇಸಿಗೆಯಲ್ಲಿ ವೈಂಡಿಂಗ್ ಸುಟ್ಟ ವಾಸನೆ ಬರತ್ತೆ. 2.5ನ್ನೇ ತಂದು ಹಾಕಿದೆ. ಸ್ವಿಚ್ ಒತ್ತಿದ ತಕ್ಷಣ ಕೋಲಿಲ್ಲದೆ ತಿರುಗಿತು, ಆಂಟಿ ಟೇಬಲ್ ಮೇಲಿಟ್ಟಿದ್ದ ಕರೆಂಟ್ ಬಿಲ್ ಹಾರಿ ರೂಟರ್ ಹಿಂದೆ ಬಿತ್ತು.